ಬ್ಯಾರಿ ಅಂತ ಹುಡುಕಿದವರಿಗೆ ಕರಡಿ ಗೊಂಬೆ ಸಿಕ್ಕರೆ?

ನಮ್ಮ ಮನೆಗಳ ಹೆಣ್ಣುಮಕ್ಕಳು, ಹುಡುಗರು ಈಗ ಇನ್‌ಸ್ಟಾಗ್ರಾಮ್‌ನಲ್ಲಿ ಒಳ್ಳೊಳ್ಳೆಯ ಕೆಲಸ ಮಾಡ್ತಿದ್ದಾರೆ. ಉಮ್ಮನ ಕೈಯಡುಗೆ, ಅಜ್ಜಿ ಆಡುವ ಹಳೆಯ ಬ್ಯಾರಿ ಪದಗಳು, ಊರಿನ ಹಳೆಯ ಮನೆಗಳ ಫೋಟೋ ಇವನ್ನೆಲ್ಲ ಒಂದರ ಪಕ್ಕ ಒಂದು ಜೋಡಿಸಿ ಹಾಕ್ತಾರೆ. ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಾ ನೋಡುವ ಇಂಥ ಪೋಸ್ಟಿಗೆ ಕ್ಯಾರೊಸೆಲ್ ಅಂತ ಹೆಸರು. ಮೊದಲು ಒಂದು ಪೋಸ್ಟಿನಲ್ಲಿ ಹತ್ತು ಚಿತ್ರ ಮಾತ್ರ ಹಾಕಬಹುದಿತ್ತು, 2024ರಿಂದ ಇಪ್ಪತ್ತು ಹಾಕಬಹುದು. ಒಂದು ಅಡುಗೆಯನ್ನು ಮೊದಲಿಂದ ಕೊನೆಯವರೆಗೆ ತೋರಿಸಲು ಇಷ್ಟು ಧಾರಾಳ ಸಾಕು.

ಆದರೆ ಇದನ್ನು ನೋಡುವವರು ಯಾರು? ಬಹುಪಾಲು ಅದೇ ಅಕ್ಕ, ಅದೇ ತಂಗಿ, ಅದೇ ಕ್ಲಾಸಿನ ಗೆಳತಿಯರು. ಕರಾವಳಿಯಿಂದ ದೂರ ಹೋಗಿ ನೆಲೆಸಿದ ಬ್ಯಾರಿ ಕುಟುಂಬದ ಮಗು ಬೀದಿಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಕೇಳುತ್ತದೆ. ನಮ್ಮ ಹರಿಹರ, ದಾವಣಗೆರೆ ಕಡೆಯ ಪರಿಸ್ಥಿತಿ ಅದೇ. ಅಂಥ ಮನೆಯ ತಾಯಿ ತವರಿನ ಅಡುಗೆಯನ್ನೋ ಮಾತನ್ನೋ ಹುಡುಕಲು ಫೋನ್ ತೆಗೆದರೆ, ನಮ್ಮ ಮಕ್ಕಳು ಮಾಡಿಟ್ಟ ಕೆಲಸ ಅವಳಿಗೆ ಸಿಗುವುದಿಲ್ಲ. ಕೆಲಸ ಕೆಟ್ಟದಾಗಿದೆ ಅಂತಲ್ಲ. ಕೆಳಗೆ ಬರೆದ ನಾಲ್ಕು ಸಾಲಿನಲ್ಲಿ, ಅಂದರೆ ಕ್ಯಾಪ್ಶನ್‌ನಲ್ಲಿ, ಅವಳು ಹುಡುಕುವ ಪದವೇ ಇರುವುದಿಲ್ಲ. ಈ ನಾಲ್ಕು ಸಾಲಿನ ಬಗ್ಗೆ ನಾವು ಸ್ವಲ್ಪ ಕೂತು ಯೋಚಿಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಮೊದಲನೇ ತೊಡಕು ನಮ್ಮ ಹೆಸರಿನದ್ದೇ. ಇಂಗ್ಲಿಷಿನಲ್ಲಿ ಕರಡಿಗೆ bear ಅಂತಾರೆ. ಅದನ್ನೇ ಎಳೆದು, very ಅನ್ನುವ ಕಡೆ ತಮಾಷೆಗೆ beary ಅಂತ ಬರೆಯುವ ಚಾಳಿ ಆ ಭಾಷೆಯವರಲ್ಲಿ ಬಹಳ. ಹುಟ್ಟುಹಬ್ಬದ ಕಾರ್ಡು, ಮಗುವಿನ ಅಂಗಿ, ಕರಡಿ ಗೊಂಬೆ ಎಲ್ಲದರ ಮೇಲೂ ಆ ಪದ ಇರುತ್ತದೆ. ಹಾಗಾಗಿ #beary ಅನ್ನುವ ಹ್ಯಾಶ್‌ಟ್ಯಾಗ್ ನಮ್ಮೊಬ್ಬರದ್ದಲ್ಲ. ನಾವು ಹಾಕಿದ ಪಿಂಡಿಯ ಫೋಟೋ ಗೊಂಬೆಗಳ ರಾಶಿಯಲ್ಲಿ ಹೋಗಿ ಬೀಳುತ್ತದೆ.

ಎರಡನೆಯದು, ನಮ್ಮ ಹೆಸರಿಗೆ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತ ಇಲ್ಲ. 2007ರಲ್ಲಿ ಸ್ಥಾಪನೆಯಾದ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಇಂಗ್ಲಿಷಿನಲ್ಲಿ Beary ಅಂತ ಬರೆಯುತ್ತದೆ. ಕೆ.ಪಿ. ಸುವೀರನ್ ನಿರ್ದೇಶಿಸಿದ, ರಾಷ್ಟ್ರಪ್ರಶಸ್ತಿ ಗಳಿಸಿದ ನಮ್ಮ ಭಾಷೆಯ ಸಿನಿಮಾದ ಹೆಸರು Byari. ಸಂಘಸಂಸ್ಥೆಗಳ ಬೋರ್ಡು ನೋಡಿ ಬೆಳೆದವರು ಮೊದಲನೆಯದನ್ನು ಒತ್ತುತ್ತಾರೆ, ಕಿವಿಗೆ ಕೇಳಿದ ಹಾಗೆ ಬರೆಯುವವರು ಎರಡನೆಯದನ್ನು ಒತ್ತುತ್ತಾರೆ. ಯಾವುದು ಸರಿ ಅಂತ ಜಗಳ ಮಾಡಿ ಪ್ರಯೋಜನವಿಲ್ಲ. ಹುಡುಕುವವರು ಎರಡನ್ನೂ ಬರೆಯುತ್ತಾರೆ, ಹಾಗಿದ್ದ ಮೇಲೆ ನಮ್ಮ ಕ್ಯಾಪ್ಶನ್‌ನಲ್ಲಿ ಎರಡೂ ಇರಬೇಕು. ಅದರ ಜೊತೆಗೆ ಕನ್ನಡ ಲಿಪಿಯಲ್ಲಿ ‘ಬ್ಯಾರಿ’ ಅಂತಲೂ ಇರಬೇಕು. ಕನ್ನಡದಲ್ಲಿ ನಮಗೆ ಈ ಗೊಂದಲವೇ ಇಲ್ಲ, ಅಲ್ಲಿ ಕರಡಿಯ ಕಾಟವೂ ಇಲ್ಲ. ಅಷ್ಟು ಸ್ವಚ್ಛವಾದ ಪದವನ್ನು ನಮ್ಮ ಮಕ್ಕಳು ಕ್ಯಾಪ್ಶನ್‌ನಲ್ಲಿ ಬರೆಯುವುದೇ ಅಪರೂಪ ಅನ್ನುವುದು ಬೇಸರದ ಸಂಗತಿ.

ಇನ್ನು ಹುಡುಕಾಟ ಹೇಗೆ ನಡೆಯುತ್ತದೆ ಅಂತ ತಿಳಿದುಕೊಳ್ಳೋಣ. 2021ರಲ್ಲಿ ಇನ್‌ಸ್ಟಾಗ್ರಾಮ್ ಸಂಸ್ಥೆಯೇ ಇದನ್ನು ವಿವರಿಸಿತ್ತು. ನೀವು ಹುಡುಕುವ ಜಾಗದಲ್ಲಿ ಬರೆದ ಪದವನ್ನು ಅದು ಖಾತೆಯ ಹೆಸರು, ಖಾತೆಯ ಪರಿಚಯದ ಸಾಲು, ಕ್ಯಾಪ್ಶನ್, ಹ್ಯಾಶ್‌ಟ್ಯಾಗ್, ಸ್ಥಳದ ಹೆಸರು ಇವುಗಳ ಜೊತೆ ಹೋಲಿಸಿ ನೋಡುತ್ತದೆ. ಆಮೇಲೆ ಹುಡುಕಿದವರು ಹಿಂದೆ ಏನೇನು ನೋಡಿದ್ದಾರೆ, ಪೋಸ್ಟನ್ನು ಎಷ್ಟು ಜನ ಮೆಚ್ಚಿದ್ದಾರೆ ಅನ್ನುವ ಲೆಕ್ಕ ಬರುತ್ತದೆ. ಪದಗಳು ಕ್ಯಾಪ್ಶನ್‌ನಲ್ಲೇ ಇರಲಿ, ಕಾಮೆಂಟಿನಲ್ಲಿ ಹಾಕಬೇಡಿ ಅಂತಲೂ ಆಗ ಹೇಳಿದ್ದರು. ಹ್ಯಾಶ್‌ಟ್ಯಾಗನ್ನು ಮೊದಲ ಕಾಮೆಂಟಿನಲ್ಲಿ ಅಡಗಿಸಿಡುವ ಅಭ್ಯಾಸ ಇರುವವರು ಇದನ್ನು ಗಮನಿಸಬೇಕು.

ಹ್ಯಾಶ್‌ಟ್ಯಾಗ್ ಹಾಕಿದರೆ ಜನ ತಾನಾಗಿ ಬರ್ತಾರೆ ಅನ್ನುವ ನಂಬಿಕೆಯೂ ಇದೆ. ಅದು ಈಗ ನಡೆಯುವ ಮಾತಲ್ಲ. ಹ್ಯಾಶ್‌ಟ್ಯಾಗ್‌ನಿಂದ ನೋಡುಗರ ಸಂಖ್ಯೆ ಹೇಳಿಕೊಳ್ಳುವಷ್ಟು ಏರುವುದಿಲ್ಲ ಅಂತ ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಮ್ ಮೊಸ್ಸೇರಿಯೇ ಹಲವು ಸಲ ಹೇಳಿದ್ದಾರೆ. ಮೊದಲೆಲ್ಲ ಒಂದು ಹ್ಯಾಶ್‌ಟ್ಯಾಗನ್ನೇ ಫಾಲೋ ಮಾಡಬಹುದಿತ್ತು, 2024ರ ಡಿಸೆಂಬರ್‌ನಲ್ಲಿ ಅದನ್ನೂ ತೆಗೆದರು. ಮೂವತ್ತು ಹ್ಯಾಶ್‌ಟ್ಯಾಗ್ ಹಾಕುವ ಅವಕಾಶ ಇದ್ದದ್ದನ್ನು 2025ರ ಡಿಸೆಂಬರ್‌ನಲ್ಲಿ ಐದಕ್ಕೆ ಇಳಿಸಿದರು. ಈಗ ಹ್ಯಾಶ್‌ಟ್ಯಾಗ್ ಅಂದರೆ ಡಬ್ಬಿಯ ಮೇಲೆ ಅಂಟಿಸುವ ಚೀಟಿ ಇದ್ದ ಹಾಗೆ. ಒಳಗೆ ಏನಿದೆ ಅಂತ ಹೇಳುವುದಷ್ಟೇ ಅದರ ಕೆಲಸ. ಅಂಥ ಚೀಟಿ ನಮಗೆ ಸಿಗುವುದು ಐದೇ ಐದು.

ಈ ಐದನ್ನು ನಾವು ಹೇಗೆ ಖರ್ಚು ಮಾಡ್ತೇವೆ ಅಂತ ಒಂದು ಉದಾಹರಣೆ ಕಟ್ಟಿ ನೋಡೋಣ. ಒಬ್ಬಳು ಹುಡುಗಿ ಬಸಳೆ ಪಿಂಡಿಯ ಕ್ಯಾರೊಸೆಲ್ ಮಾಡಿದ್ದಾಳೆ ಅಂತ ಇಟ್ಟುಕೊಳ್ಳಿ. ಒಟ್ಟು ಎಂಟು ಚಿತ್ರ. ಅಕ್ಕಿ ಹಿಟ್ಟು ಕಲಸುವುದು, ಪುಟ್ಟ ಪುಟ್ಟ ಉಂಡೆ ಕಟ್ಟುವುದು, ಬೇಯಿಸುವುದು, ತೆಂಗಿನಕಾಯಿ ಮಸಾಲೆ ಅರೆಯುವುದು, ಬಸಳೆ ಹೆಚ್ಚುವುದು, ಎಲ್ಲ ಕೂಡಿಸಿ ಕುದಿಸುವುದು. ಪ್ರತಿ ಚಿತ್ರದ ಮೇಲೂ ಅಂದವಾಗಿ ವಿವರ ಬರೆದಿದ್ದಾಳೆ. ಕೆಳಗಿನ ಕ್ಯಾಪ್ಶನ್ ಮಾತ್ರ ಹೀಗಿದೆ:

```
Umma special ❤️
#beary #pindi #foodie #instagood #viral
```

ಇದನ್ನು ಹುಡುಕುವವರ ಕಣ್ಣಿನಿಂದ ಓದಿ ನೋಡಿ. ‘ಬಸಳೆ’ ಅನ್ನುವ ಪದ ಎಲ್ಲೂ ಇಲ್ಲ. ಅಕ್ಕಿ ಉಂಡೆ ಅಂತ ಇಲ್ಲ, ಮಂಗಳೂರು ಅಂತ ಇಲ್ಲ, ರೆಸಿಪಿ ಅಂತಲೂ ಇಲ್ಲ. ಅದೆಲ್ಲ ಚಿತ್ರದ ಮೇಲಿದೆಯಲ್ಲ ಅಂತ ಅವಳು ಹೇಳಬಹುದು. ಚಿತ್ರದೊಳಗಿನ ಅಕ್ಷರವನ್ನು, ಅದರಲ್ಲೂ ಕನ್ನಡ ಅಕ್ಷರವನ್ನು, ಯಂತ್ರ ಓದಿಕೊಳ್ಳುತ್ತದೆ ಅಂತ ನಂಬಿ ಕೂರಬಾರದು. ಮತ್ತೊಂದು ವಿಷಯ, ಎಂಟು ಚಿತ್ರ ಇದ್ದರೂ ಕ್ಯಾಪ್ಶನ್ ಒಂದೇ. ಐದನೇ ಚಿತ್ರದಲ್ಲಿ ಏನಿದೆ ಅನ್ನುವುದೂ ಆ ಒಂದೇ ಕ್ಯಾಪ್ಶನ್‌ನಲ್ಲಿ ಬರಬೇಕು.

ಈಗ ಅವಳ ಐದು ಹ್ಯಾಶ್‌ಟ್ಯಾಗ್. #beary ಕಥೆ ಆಗಲೇ ಹೇಳಿದೆ. #pindi ಅದಕ್ಕಿಂತ ತಮಾಷೆ. ಪಾಕಿಸ್ತಾನದ ರಾವಲ್ಪಿಂಡಿ ಊರನ್ನು ಅಲ್ಲಿಯವರು ಬಾಯಿಮಾತಿನಲ್ಲಿ ಪಿಂಡಿ ಅಂತಲೇ ಕರೆಯುವುದು. ಉತ್ತರ ಭಾರತದ ಹೋಟೆಲುಗಳಲ್ಲಿ ಪಿಂಡಿ ಛೋಲೆ ಅಂತ ಕಡಲೆಕಾಳಿನ ಪಲ್ಯ ಸಿಗುತ್ತದೆ. ಅಂದರೆ ಆ ಪದದ ಹಿಂದೆ ಒಂದು ದೊಡ್ಡ ಊರು, ಒಂದು ದೊಡ್ಡ ತಿನಿಸು ಎರಡೂ ನಿಂತಿವೆ, ನಮ್ಮ ಪಿಂಡಿಗೆ ಜಾಗವೆಲ್ಲಿ? ಉಳಿದ ಮೂರು #foodie, #instagood, #viral. ಇವುಗಳಲ್ಲಿ ಲೋಕದ ಎಲ್ಲರೂ ಎಲ್ಲವನ್ನೂ ಹಾಕ್ತಾರೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಪಿಂಡಿ ಬೇಕಾದ ತಾಯಿ ಯಾವತ್ತಾದರೂ ‘ವೈರಲ್’ ಅಂತ ಬರೆದು ಹುಡುಕುತ್ತಾಳೆಯೇ? ಐದು ಚೀಟಿಯಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ.

ಅದೇ ಪೋಸ್ಟಿಗೆ ಕ್ಯಾಪ್ಶನ್ ಹೀಗಿದ್ದಿದ್ದರೆ:

```
ಬ್ಯಾರಿ ಬಸಳೆ ಪಿಂಡಿ ಮಾಡುವ ವಿಧಾನ: ಅಕ್ಕಿ ಹಿಟ್ಟಿನ
ಉಂಡೆ, ಬಸಳೆ ಸೊಪ್ಪು, ತೆಂಗಿನಕಾಯಿ ಮಸಾಲೆ.
Basale pindi recipe: rice dumplings from a
Beary / Byari Muslim kitchen, Mangalore.
#bearyfood #byari #basalepindi
#mangalorefood #ಬ್ಯಾರಿಅಡುಗೆ
```

ಇದನ್ನು ಒಂದೊಂದಾಗಿ ಬಿಡಿಸೋಣ. ಮೊದಲ ಸಾಲೇ ವಿಷಯದ ಸಾಲು. ಫೋನಿನಲ್ಲಿ ನೋಡುವಾಗ ಕ್ಯಾಪ್ಶನ್‌ನ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು more ಒತ್ತಿದರೆ ತೆರೆಯುತ್ತದೆ. ಹಾಗಾಗಿ ‘ಉಮ್ಮ ಸ್ಪೆಷಲ್’ ಅನ್ನುವ ಪ್ರೀತಿಯ ಮಾತು ಬೇಡ ಅಂತಲ್ಲ, ಅದು ಎರಡನೇ ಪ್ಯಾರಾಕ್ಕೆ ಹೋಗಲಿ. ಮೊದಲ ಸಾಲಿನಲ್ಲಿ ಹುಡುಕುವವರು ಬರೆಯುವ ಪದ ಇರಲಿ. ಇದನ್ನೇ ಕೀವರ್ಡ್ ಅನ್ನುವುದು. ಹ್ಯಾಶ್ ಗುರುತು ಇಲ್ಲದ, ಮಾಮೂಲಿ ವಾಕ್ಯದಲ್ಲಿ ಬರುವ ಪದ. ಇದಕ್ಕೆ ಐದರ ಮಿತಿ ಇಲ್ಲ. ಕ್ಯಾಪ್ಶನ್‌ನಲ್ಲಿ ಒಟ್ಟು 2,200 ಅಕ್ಷರ ಬರೆಯಬಹುದು. ಆದ್ದರಿಂದ ಎರಡು ಕಾಗುಣಿತ, ಎರಡು ಲಿಪಿ, ಅಡುಗೆಯ ಬೇರೆ ಬೇರೆ ಹೆಸರು ಎಲ್ಲವನ್ನೂ ವಾಕ್ಯದಲ್ಲೇ ತರಬಹುದು.

‘ಅಕ್ಕಿ ಹಿಟ್ಟಿನ ಉಂಡೆ’ ಅಂತ ಬಿಡಿಸಿ ಬರೆದದ್ದಕ್ಕೂ ಕಾರಣ ಇದೆ. ತುಳು ಮನೆಗಳಲ್ಲಿ ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆಗೆ ಪುಂಡಿ ಅಂತಾರೆ. ನಮ್ಮ ದಾವಣಗೆರೆ ಕಡೆ ಪುಂಡಿ ಅಂದರೆ ಹುಳಿ ಸೊಪ್ಪು, ರೊಟ್ಟಿ ಜೊತೆ ಪುಂಡಿಪಲ್ಯ ಮಾಡ್ತಾರೆ. ಕೇರಳದಲ್ಲಿ ಹೆಚ್ಚುಕಡಿಮೆ ನಮ್ಮ ಪಿಂಡಿಯನ್ನೇ ಹೋಲುವ ಅಡುಗೆಗೆ ಪಿಡಿ ಅಂತ ಹೆಸರು. ಹೆಸರು ಮರೆತು ತಿನಿಸು ಮಾತ್ರ ನೆನಪಿರುವವರು ಬಹಳ ಜನ ಇದ್ದಾರೆ. ಅವರು ‘ಅಕ್ಕಿ ಉಂಡೆ ಬಸಳೆ’ ಅಂತಲೇ ಹುಡುಕುವುದು. ವಸ್ತುವಿನ ಹೆಸರಿನ ಜೊತೆ ಅದು ಏನು ಅಂತ ಒಂದು ಮಾತು ಬರೆದರೆ ಅಂಥವರಿಗೂ ದಾರಿ ಸಿಗುತ್ತದೆ.

ಹ್ಯಾಶ್‌ಟ್ಯಾಗ್‌ಗೆ ಬಂದರೆ, ಇಲ್ಲಿ ಐದೂ ಬೇರೆ ಬೇರೆ ಬಾಗಿಲು. #bearyfood ಅಂತ ಇನ್ನೊಂದು ಪದ ಸೇರಿಸಿದ ಕೂಡಲೇ ಕರಡಿ ಗೊಂಬೆಯ ಗದ್ದಲ ತಗ್ಗುತ್ತದೆ. #byari ಎರಡನೇ ಕಾಗುಣಿತದವರಿಗೆ. #basalepindi ಇದೇ ಅಡುಗೆಗೆ, ರಾವಲ್ಪಿಂಡಿಗೂ ಇದಕ್ಕೂ ಸಂಬಂಧ ಬರುವುದಿಲ್ಲ. #mangalorefood ಸ್ವಲ್ಪ ದೊಡ್ಡ ಅಂಗಳ, ಬ್ಯಾರಿಗಳ ಬಗ್ಗೆ ಏನೂ ಗೊತ್ತಿಲ್ಲದ, ಆದರೆ ಕರಾವಳಿ ಅಡುಗೆ ಇಷ್ಟಪಡುವ ಜನ ಅಲ್ಲಿರ್ತಾರೆ. #ಬ್ಯಾರಿಅಡುಗೆ ಕನ್ನಡದಲ್ಲಿ ಒತ್ತುವವರಿಗೆ. ಬೇರೆ ಪೋಸ್ಟಿಗೆ ಇದೇ ಐದನ್ನು ಎತ್ತಿ ಅಂಟಿಸಬಾರದು. ಬ್ಯಾರಿ ಪದಗಳ ಕ್ಯಾರೊಸೆಲ್ ಮಾಡಿದರೆ ಅಲ್ಲಿ #bearylanguage ಬರಬೇಕು, ಅಡುಗೆಯ ಚೀಟಿ ಇರಬಾರದು. ಒಳಗಿಲ್ಲದ ವಸ್ತುವಿನ ಚೀಟಿ ಅಂಟಿಸುವುದು ನೋಡುವವರಿಗೆ ಮಾಡುವ ಮೋಸವೂ ಹೌದು. ಅವರು ಬಂದ ವೇಗದಲ್ಲೇ ಸರಿಸಿಕೊಂಡು ಹೋಗ್ತಾರೆ.

ಊರಿನ ಹೆಸರಿಗೂ ಇದೇ ಪಾಠ. ನಮ್ಮ #harihar ಹಾಕಿ ನೋಡಿ. ಮಹಾರಾಷ್ಟ್ರದ ನಾಸಿಕ್ ಹತ್ತಿರ ಹರಿಹರ ಕೋಟೆ ಇದೆ, ಕಡಿದಾದ ಮೆಟ್ಟಿಲು ಹತ್ತಲು ಚಾರಣಿಗರು ಮುಗಿಬೀಳುವ ಜಾಗ. ಅವರ ಫೋಟೋಗಳ ನಡುವೆ ತುಂಗಭದ್ರೆ ದಡದ ಹರಿಹರ ಯಾರಿಗೂ ಕಾಣುವುದಿಲ್ಲ. ವಾಕ್ಯದಲ್ಲಿ ‘ದಾವಣಗೆರೆ ಜಿಲ್ಲೆಯ ಹರಿಹರ’ ಅಂತ ಬರೆಯಬೇಕು. ಇಂಗ್ಲಿಷಿನಲ್ಲಿ Davangere, Davanagere ಎರಡೂ ಚಾಲ್ತಿಯಲ್ಲಿವೆ, ಎರಡನ್ನೂ ತರಬೇಕು. ಹಾಗಂತ #ಕಡರನಾಯಕನಹಳ್ಳಿ ಅಂತ ಹಳ್ಳಿಯ ಹೆಸರಿಗೆ ಒಂದು ಹ್ಯಾಶ್‌ಟ್ಯಾಗ್ ಖರ್ಚು ಮಾಡುವುದೂ ಸರಿಯಲ್ಲ. ನಮ್ಮ ಹಳ್ಳಿ ಗೊತ್ತಿರುವವರು ಮಾತ್ರ ಆ ಹೆಸರು ಒತ್ತುತ್ತಾರೆ, ಅವರಿಗೆ ನಾವು ಆಗಲೇ ಗೊತ್ತು. ಅದನ್ನು ವಾಕ್ಯದೊಳಗೆ ಒಮ್ಮೆ ಬರೆದರೆ ಸಾಕು.

ಕನ್ನಡದ ಹ್ಯಾಶ್‌ಟ್ಯಾಗ್ ಬರೆಯುವಾಗ ಆಗುವ ತೊಂದರೆಯನ್ನೂ ಹೇಳಬೇಕು. ಹ್ಯಾಶ್‌ಟ್ಯಾಗ್ ಒಳಗೆ ಜಾಗ ಬಿಡುವಂತಿಲ್ಲ. ‘#ಬ್ಯಾರಿ ಅಡುಗೆ’ ಅಂತ ಬರೆದರೆ ಯಂತ್ರಕ್ಕೆ ಸಿಗುವುದು #ಬ್ಯಾರಿ ಮಾತ್ರ. ನಡುವೆ ಸಣ್ಣ ಗೆರೆ ಎಳೆದರೂ ಅಲ್ಲಿಗೇ ಕತ್ತರಿಸಿ ಹೋಗುತ್ತದೆ. ಇನ್ನು ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ಫೋನಿನ ಕನ್ನಡ ಕೀಬೋರ್ಡಿನಲ್ಲೇ ಬರೆಯಬೇಕು. ಸರಿಯಾಗಿದೆಯೋ ಅಂತ ತಿಳಿಯುವುದು ಸುಲಭ. ಪೋಸ್ಟ್ ಮಾಡಿದ ಮೇಲೆ ಹ್ಯಾಶ್‌ಟ್ಯಾಗ್ ಕೊನೆಯ ಅಕ್ಷರದವರೆಗೂ ಬೇರೆ ಬಣ್ಣಕ್ಕೆ ತಿರುಗಿರಬೇಕು. ಅರ್ಧಕ್ಕೆ ಬಣ್ಣ ನಿಂತಿದ್ದರೆ ಅದು ಅಲ್ಲೇ ಮುರಿದಿದೆ ಅಂತ ಅರ್ಥ, ತಿದ್ದಿ.

ಹ್ಯಾಶ್‌ಟ್ಯಾಗ್ ಆರಿಸುವ ಮೊದಲು ಅದನ್ನು ಹುಡುಕಿ ನೋಡುವುದನ್ನಂತೂ ತಪ್ಪಿಸಬಾರದು. ಮೊದಲ ಹತ್ತಿಪ್ಪತ್ತು ಚಿತ್ರಗಳನ್ನು ಕಣ್ಣಾಡಿಸಿ. ನಿಮ್ಮ ಪೋಸ್ಟ್ ಆ ಸಾಲಿನಲ್ಲಿ ಕೂತರೆ ನೆಂಟನ ಹಾಗೆ ಕಾಣುತ್ತದೆಯೋ, ದಾರಿ ತಪ್ಪಿ ಬಂದವನ ಹಾಗೆ ಕಾಣುತ್ತದೆಯೋ ಅಂತ ಆಗಲೇ ಗೊತ್ತಾಗುತ್ತದೆ. ಪೋಸ್ಟ್ ಮಾಡಿದ ಮೇಲೆ ಪರೀಕ್ಷೆ ಮಾಡುವಾಗ ನಿಮ್ಮ ಫೋನಿನ ಸಾಕ್ಷಿ ನಂಬಬೇಡಿ. ನೀವು ಏನು ನೋಡ್ತೀರಿ ಅಂತ ಅದಕ್ಕೆ ಗೊತ್ತು, ನಿಮ್ಮದನ್ನೇ ಮೇಲೆ ತಂದು ತೋರಿಸಬಹುದು. ನಿಮ್ಮನ್ನು ಫಾಲೋ ಮಾಡದ ಒಬ್ಬ ನೆಂಟರ ಫೋನಿನಲ್ಲಿ ‘basale pindi’ ಅಂತ, ಇನ್ನೊಮ್ಮೆ ‘ಬ್ಯಾರಿ ಪಿಂಡಿ’ ಅಂತ ಒತ್ತಿಸಿ ನೋಡಿ. ಪ್ರೊಫೆಷನಲ್ ಖಾತೆ ಆಗಿದ್ದರೆ ಒಳಗೆ Insights ಅಂತ ಇರುತ್ತದೆ. ನೋಡಿದವರಲ್ಲಿ ಫಾಲೋ ಮಾಡುವವರು ಎಷ್ಟು ಪಾಲು, ಮಾಡದವರು ಎಷ್ಟು ಪಾಲು ಅಂತ ಅಲ್ಲಿ ತೋರಿಸುತ್ತದೆ. ಒಂದೇ ಪೋಸ್ಟಿನಿಂದ ತೀರ್ಮಾನಕ್ಕೆ ಬರಬೇಡಿ. ಹಳೆಯ ರೀತಿಯ ಐದಾರು ಪೋಸ್ಟು, ಹೊಸ ರೀತಿಯ ಐದಾರು ಪೋಸ್ಟು ಪಕ್ಕಪಕ್ಕ ಇಟ್ಟು ಈ ಎರಡನೇ ಪಾಲು ಏರಿದೆಯೇ ಅಂತ ನೋಡಿ.

ನಮ್ಮ ಮನೆಗಳಿಗೆ ಮುಖ್ಯವಾದ ಮಾತೊಂದು ಇಲ್ಲಿದೆ. ಖಾತೆ ಪ್ರೈವೇಟ್ ಆಗಿದ್ದರೆ ಹ್ಯಾಶ್‌ಟ್ಯಾಗ್ ಹಾಕಿಯೂ ಹಾಕದ ಹಾಗೆ, ಹೊರಗಿನವರಿಗೆ ಅದು ಕಾಣುವುದಿಲ್ಲ. ನಮ್ಮ ಹೆಣ್ಣುಮಕ್ಕಳ ಖಾತೆ ಹೆಚ್ಚಾಗಿ ಪ್ರೈವೇಟ್ ಇರುತ್ತದೆ, ಇರಲೂ ಬೇಕು. ಹುಡುಕಾಟದಲ್ಲಿ ಸಿಗಲಿ ಅಂತ ಸ್ವಂತ ಖಾತೆಯನ್ನು ಬಯಲು ಮಾಡುವ ಅಗತ್ಯವಿಲ್ಲ. ಅಡುಗೆಗೋ ಭಾಷೆಗೋ ಒಂದು ಬೇರೆ ಖಾತೆ ತೆರೆಯಿರಿ, ಅದರಲ್ಲಿ ಮನೆಯವರ ಮುಖ, ಮನೆಯ ವಿಳಾಸ, ಮಕ್ಕಳ ಶಾಲೆ ಯಾವುದೂ ಬೇಡ. ಹುಡುಕಾಟ ಖಾತೆಯ ಹೆಸರನ್ನೂ ನೋಡುವುದರಿಂದ ಹೆಸರಿನಲ್ಲೇ Beary Kitchen ಥರದ ಪದ ಇದ್ದರೆ ಇನ್ನೂ ಒಳ್ಳೆಯದು. 2025ರ ಜುಲೈ 10ರಿಂದ ಹದಿನೆಂಟು ದಾಟಿದವರ ಸಾರ್ವಜನಿಕ ಪ್ರೊಫೆಷನಲ್ ಖಾತೆಯ ಪೋಸ್ಟುಗಳು ಗೂಗಲ್‌ನಲ್ಲೂ ಕಾಣುವಂತಾಗಿದೆ. ಅಡುಗೆ ಖಾತೆಗೆ ಇದು ಲಾಭ. ಬೇಡ ಅನಿಸಿದರೆ ಸೆಟ್ಟಿಂಗ್‌ನಲ್ಲಿ ಅದನ್ನು ನಿಲ್ಲಿಸಬಹುದು.

‘ಉಸ್ತಾದ್, ಇಷ್ಟು ಸಣ್ಣ ಹ್ಯಾಶ್‌ಟ್ಯಾಗ್ ಹಾಕಿದರೆ ನೋಡೋರು ಯಾರು? ದೊಡ್ಡದು ಹಾಕಿದರೆ ಸಾವಿರಾರು ಜನ ಇರ್ತಾರಲ್ಲ’ ಅಂತ ಹುಡುಗರು ಕೇಳ್ತಾರೆ. ಪ್ರಶ್ನೆ ನ್ಯಾಯವಾದದ್ದೇ. #basalepindi ನೋಡುವವರು ಖಂಡಿತ ಕಡಿಮೆ. ಕ್ಯಾಪ್ಶನ್ ತಿದ್ದಿದ ಮಾತ್ರಕ್ಕೆ ಲೈಕು ನೂರರಿಂದ ಹತ್ತು ಸಾವಿರಕ್ಕೆ ಹೋಗುವುದಿಲ್ಲ ಅಂತ ನಾನೂ ಒಪ್ಪುತ್ತೇನೆ. ಆದರೆ ಸಂತೆಯ ನಡುವೆ ನಿಂತು ಕೂಗಿದವನ ಮಾತು ಪಕ್ಕದವನಿಗೂ ಕೇಳುವುದಿಲ್ಲ. ಸಣ್ಣ ಬಾಗಿಲಲ್ಲಿ ಬಂದವನು ಅದನ್ನೇ ಹುಡುಕಿಕೊಂಡು ಬಂದವನು. ಅವನು ಎಂಟೂ ಚಿತ್ರ ಸರಿಸಿ ನೋಡ್ತಾನೆ, ಸೇವ್ ಮಾಡಿಕೊಳ್ತಾನೆ, ದುಬೈಯಲ್ಲಿರುವ ಅಕ್ಕನಿಗೆ ಕಳಿಸ್ತಾನೆ. ಸಿನಿಮಾ ತಾರೆಯ ಫೋಟೋ ಹಾಕುವವರಿಗೆ ದೊಡ್ಡ ಬಾಗಿಲು ಬೇಕು. ಕರಾವಳಿಯ ಸುತ್ತಮುತ್ತ ಮಾತ್ರ ಆಡುವ ಒಂದು ಭಾಷೆಯ, ಅದರ ಅಡುಗೆಯ ವಿಷಯ ಹಾಕುವವರಿಗೆ ಬೇಕಾದದ್ದು ಸರಿಯಾದ ಬಾಗಿಲು.

ನನ್ನ ಬೇಡಿಕೆ ಇಷ್ಟೇ. ಬ್ಯಾರಿ ವಿಷಯ ಹಾಕುವ ನಾವೆಲ್ಲರೂ ಒಂದು ಸಣ್ಣ ಒಪ್ಪಂದಕ್ಕೆ ಬರೋಣ. ಐದರಲ್ಲಿ ಎರಡು ಚೀಟಿ ಎಲ್ಲರಿಗೂ ಒಂದೇ ಇರಲಿ, ಇಂಗ್ಲಿಷಿನಲ್ಲಿ #byari, ಕನ್ನಡದಲ್ಲಿ #ಬ್ಯಾರಿ. ಪೋಸ್ಟಿಗೆ ತಕ್ಕ ಎರಡು ಪದದ ಹ್ಯಾಶ್‌ಟ್ಯಾಗ್, ಅಂದರೆ #ಬ್ಯಾರಿಅಡುಗೆ ಥರದ್ದು ಇದ್ದರೆ, #ಬ್ಯಾರಿ ಜಾಗದಲ್ಲಿ ಅದೇ ಸಾಕು. Beary ಅನ್ನುವ ಕಾಗುಣಿತ ಬರೆಯುವಾಗ ಪಕ್ಕದಲ್ಲಿ ಇನ್ನೊಂದು ಪದ ಸೇರಿಸಿಯೇ ಬರೆಯೋಣ. ಈಗಾಗಲೇ ಹಾಕಿದ ಪೋಸ್ಟುಗಳನ್ನು ಅಳಿಸುವುದು ಬೇಡ, ಮೂಲೆಯ ಮೂರು ಚುಕ್ಕಿ ಒತ್ತಿ Edit ಕೊಟ್ಟರೆ ಹಳೆಯ ಕ್ಯಾಪ್ಶನ್ ತಿದ್ದಬಹುದು. ಮನೆಯಲ್ಲಿ ಯಾರ ಹತ್ತಿರ ಇಂಥ ಖಾತೆ ಇದೆಯೋ ಅವರು ಈ ಶುಕ್ರವಾರ ಹಳೆಯ ಹತ್ತು ಪೋಸ್ಟು ತೆಗೆದು, ಮೊದಲ ಸಾಲಿನಲ್ಲಿ ವಿಷಯದ ಹೆಸರು ಇದೆಯೇ ಅಂತ ಒಮ್ಮೆ ನೋಡಲಿ.